ಒಂದು ದಿನದ ವ್ಯಾಪಾರ, ಒಂದೇ ಎಂಟ್ರಿ

ರಾತ್ರಿ ಅಂಗಡಿಯ ಷಟರ್ ಎಳೆಯುವ ಮುಂಚೆ ಬಿಲ್ಲಿಂಗ್ ಕಂಪ್ಯೂಟರಿನಲ್ಲಿ ‘ಡೇ ಎಂಡ್’ ಒತ್ತಿದರೆ ಆ ದಿನದ ವ್ಯಾಪಾರವೆಲ್ಲ ಒಂದು ಗೇಣುದ್ದದ ಚೀಟಿಯಾಗಿ ಹೊರಗೆ ಬರುತ್ತದೆ. ಎಷ್ಟು ಬಿಲ್ಲಾಯಿತು, ನಗದು ಎಷ್ಟು, ಯುಪಿಐ ಎಷ್ಟು, ಕಾರ್ಡು ಎಷ್ಟು, ಉದ್ರಿ ಎಷ್ಟು, ಯಾವ ದರದ ಜಿಎಸ್‌ಟಿ ಎಷ್ಟು ಎಂಬುದೆಲ್ಲ ಅದರಲ್ಲಿರುತ್ತದೆ. ಬಿಲ್ಲುಗಳು ಕೌಂಟರಿನ ತಂತ್ರಾಂಶದಲ್ಲೇ ಉಳಿಯುತ್ತವೆ. ಈ ಚೀಟಿಯ ಮೊತ್ತಗಳು ಮಾತ್ರ ಲೆಕ್ಕದ ತಂತ್ರಾಂಶಕ್ಕೆ, ನಮ್ಮಲ್ಲಿ ಬಹುಮಟ್ಟಿಗೆ ಟ್ಯಾಲಿಗೆ, ಒಂದು ಎಂಟ್ರಿಯಾಗಿ ಹೋಗಬೇಕು. ಕೆಲವು ಕಡೆ ತಂತ್ರಾಂಶವೇ ಕಳಿಸುತ್ತದೆ. ಹೆಚ್ಚಿನ ಕಡೆ ವಾರಕ್ಕೊಮ್ಮೆ ಬರುವ ಅಕೌಂಟೆಂಟ್ ಏಳು ಚೀಟಿಗಳನ್ನು ಮುಂದಿಟ್ಟುಕೊಂಡು ಟೈಪ್ ಮಾಡುತ್ತಾರೆ. ಕೌಂಟರಿನಿಂದ ಲೆಕ್ಕಕ್ಕೆ ಹೋಗುವ ಈ ಸಣ್ಣ ದಾರಿಯಲ್ಲೇ ಒಂದು ದಿನದ ಮಾರಾಟ ಎರಡು ಸಲ ದಾಖಲಾಗುತ್ತದೆ. ಆಗದ ವ್ಯಾಪಾರಕ್ಕೆ ಅಂಗಡಿಯವರು ತೆರಿಗೆ ಕಟ್ಟುತ್ತಾರೆ, ಇಲ್ಲದ ಲಾಭವನ್ನು ಇದೆ ಎಂದು ನಂಬುತ್ತಾರೆ.

ಬಿಲ್ಲುಗಳನ್ನೆಲ್ಲ ಬಿಟ್ಟು ಮೊತ್ತವನ್ನಷ್ಟೇ ಬರೆಯುವುದು ಸೋಮಾರಿತನವಲ್ಲ, ಕಾನೂನೇ ಒಪ್ಪಿದ ಕ್ರಮ. ಜಿಎಸ್‌ಟಿ ನಿಯಮದ ಪ್ರಕಾರ, ನೋಂದಣಿಯಿಲ್ಲದ ಗ್ರಾಹಕ 200 ರೂಪಾಯಿಗಿಂತ ಕಡಿಮೆ ಮೊತ್ತದ ಸಾಮಾನು ಕೊಂಡು ಬಿಲ್ ಬೇಡವೆಂದರೆ, ಅಂಥ ಮಾರಾಟಗಳಿಗೆಲ್ಲ ದಿನದ ಕೊನೆಗೆ ಒಂದೇ ಒಟ್ಟು ಬಿಲ್ ಮಾಡಿದರೆ ಸಾಕು. ತಿಂಗಳ ರಿಟರ್ನ್ ಆದ ಜಿಎಸ್‌ಟಿಆರ್-1ರಲ್ಲೂ ಸಾಮಾನ್ಯ ಗ್ರಾಹಕರ ಮಾರಾಟವನ್ನು ಬಿಲ್ಲುಬಿಲ್ಲಾಗಿ ಕೇಳುವುದಿಲ್ಲ, ತೆರಿಗೆ ದರದ ಪ್ರಕಾರ ಕೂಡಿಸಿ ಕೇಳುತ್ತಾರೆ. ಹಾಗಾಗಿ ದಿನದ ಮೊತ್ತವೇ ಲೆಕ್ಕದ ಮೂಲ ಘಟಕ. ಅದು ಒಮ್ಮೆ ತಪ್ಪಿದರೆ ಸರಿಯೋ ತಪ್ಪೋ ಎಂದು ನೋಡಲು ಲೆಕ್ಕದ ಪುಸ್ತಕದೊಳಗೆ ಬೇರೆ ಬಿಲ್ಲುಗಳೂ ಇರುವುದಿಲ್ಲ. ಅದಕ್ಕೇ ಈ ಒಂದು ಎಂಟ್ರಿಯ ಮೇಲೆ ಇಷ್ಟು ಕಾಳಜಿ ಬೇಕಾಗಿರುವುದು.

ಒಂದು ಮಧ್ಯಮ ಗಾತ್ರದ ದಿನಸಿ ಅಂಗಡಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಒಂದೇ ಕೌಂಟರ್. 2026ರ ಮಾರ್ಚ್ 14, ಶನಿವಾರ. ಆ ದಿನ ತೆರಿಗೆಯಿಲ್ಲದ ಸಾಮಾನು 9,000 ರೂಪಾಯಿಯದು ಹೋಯಿತು. ಶೇಕಡ 5ರ ಸಾಮಾನು 40,000 ರೂಪಾಯಿಯದು, ಅದರ ಮೇಲೆ ತೆರಿಗೆ 2,000. ಶೇಕಡ 18ರ ಸಾಮಾನು 10,000 ರೂಪಾಯಿಯದು, ತೆರಿಗೆ 1,800. ಪ್ರತಿ ಬಿಲ್ಲಿನಲ್ಲೂ ಪೈಸೆಯನ್ನು ರೂಪಾಯಿಗೆ ಸರಿಮಾಡಿದ್ದರಿಂದ ದಿನದ ಕೊನೆಗೆ 7 ರೂಪಾಯಿ ಹೆಚ್ಚಿಗೆ ಕೂಡಿತು. ಒಟ್ಟು 62,807 ರೂಪಾಯಿ. ಇದಿಷ್ಟೂ ಹಣ ಬಂದ ಬಗೆ: ನಗದು 21,307, ಯುಪಿಐ 31,500, ಕಾರ್ಡ್ 6,000, ಉದ್ರಿ 4,000. ಎರಡೂ ಕಡೆ ಕೂಡಿಸಿದರೆ ಒಂದೇ ಮೊತ್ತ ಬರುತ್ತದೆ. ಲೆಕ್ಕದಲ್ಲಿ ಆ ದಿನದ ಎಂಟ್ರಿ ಹೀಗಿರಬೇಕು:

ನಗದು — ಡೆಬಿಟ್ 21,307
ಯುಪಿಐ ಬರಬೇಕಾದದ್ದು — ಡೆಬಿಟ್ 31,500
ಕಾರ್ಡ್ ಬರಬೇಕಾದದ್ದು — ಡೆಬಿಟ್ 6,000
ಉದ್ರಿ ಗ್ರಾಹಕರು — ಡೆಬಿಟ್ 4,000
ಮಾರಾಟ, ತೆರಿಗೆಯಿಲ್ಲದ್ದು — ಕ್ರೆಡಿಟ್ 9,000
ಮಾರಾಟ, ಶೇಕಡ 5 — ಕ್ರೆಡಿಟ್ 40,000
ಮಾರಾಟ, ಶೇಕಡ 18 — ಕ್ರೆಡಿಟ್ 10,000
ಕೇಂದ್ರ ಜಿಎಸ್‌ಟಿ — ಕ್ರೆಡಿಟ್ 1,900
ರಾಜ್ಯ ಜಿಎಸ್‌ಟಿ — ಕ್ರೆಡಿಟ್ 1,900
ರೌಂಡ್ ಆಫ್ — ಕ್ರೆಡಿಟ್ 7

ಗಲ್ಲಾಪೆಟ್ಟಿಗೆ ಎಣಿಸುವಾಗ 50 ರೂಪಾಯಿ ಕಡಿಮೆ ಬಂದರೆ ಮಾರಾಟವನ್ನು 50 ಇಳಿಸಕೂಡದು. ‘ನಗದು ಕೊರತೆ’ ಎಂಬ ಖಾತೆಗೆ ಅದನ್ನು ಬೇರೆಯಾಗಿಯೇ ಬರೆಯಬೇಕು. ಮಾರಾಟವೆಂದರೆ ಬಿಲ್ಲುಗಳ ಮೊತ್ತ, ಪೆಟ್ಟಿಗೆಯಲ್ಲಿ ಸಿಕ್ಕ ಹಣವಲ್ಲ.

ಮೇಲಿನ ಎಂಟ್ರಿಯಲ್ಲಿ ‘ಬ್ಯಾಂಕ್’ ಎಂಬ ಹೆಸರೇ ಇಲ್ಲದಿರುವುದನ್ನು ಗಮನಿಸಿ. ಯುಪಿಐ ಹಣ ಗ್ರಾಹಕನ ಫೋನಿನಿಂದ ಆ ಕ್ಷಣ ಹೋಗಿದೆ, ಕೌಂಟರಿನ ಸೌಂಡ್‌ಬಾಕ್ಸ್ ಕೂಗಿ ಹೇಳಿಯೂ ಆಗಿದೆ. ಆದರೆ ಕ್ಯೂಆರ್ ಕೊಟ್ಟ ಸಂಸ್ಥೆಯ ಮೂಲಕ ವ್ಯವಹರಿಸುವ ಅನೇಕ ಅಂಗಡಿಗಳಿಗೆ ಆ ಹಣ ಮರುದಿನ ಒಂದೇ ಇಡಿಗಂಟಾಗಿ ಬ್ಯಾಂಕಿಗೆ ಬರುತ್ತದೆ. ಕಾರ್ಡಿನ ಹಣಕ್ಕೆ ಒಂದೆರಡು ಕೆಲಸದ ದಿನ ಹಿಡಿಯಬಹುದು, ಅದೂ ಕಮಿಷನ್ ಕಳೆದುಕೊಂಡು ಬರುತ್ತದೆ. ಆದ್ದರಿಂದ ಶನಿವಾರ ರಾತ್ರಿಯ ಮಟ್ಟಿಗೆ ಆ ಹಣ ಅಂಗಡಿಗೆ ‘ಬರಬೇಕಾದದ್ದು’. ಅದಕ್ಕೊಂದು ಖಾತೆ ತೆರೆದು ಅಲ್ಲಿ ನಿಲ್ಲಿಸಿ, ಹಣ ಬಂದ ದಿನ ಆ ಖಾತೆಯಿಂದ ತೆಗೆಯಬೇಕು. ಭಾನುವಾರ ಬ್ಯಾಂಕಿಗೆ 31,500 ಬಂತೆನ್ನಿ. ಬ್ಯಾಂಕ್ ಡೆಬಿಟ್, ಯುಪಿಐ ಬರಬೇಕಾದದ್ದು ಕ್ರೆಡಿಟ್. ಮಾರಾಟದ ಸುದ್ದಿಯೇ ಇಲ್ಲ, ಯಾಕೆಂದರೆ ಮಾರಾಟ ಶನಿವಾರವೇ ಬರೆದಾಗಿದೆ. ಕಾರ್ಡಿನ 6,000ಕ್ಕೆ ಶೇಕಡ 1 ಕಮಿಷನ್ ಎಂದಿದ್ದರೆ 60 ರೂಪಾಯಿ, ಅದರ ಮೇಲೆ ಶೇಕಡ 18 ಜಿಎಸ್‌ಟಿ 10 ರೂಪಾಯಿ 80 ಪೈಸೆ ಕಳೆದು 5,929 ರೂಪಾಯಿ 20 ಪೈಸೆ ಬರುತ್ತದೆ. ಆಗ ಬ್ಯಾಂಕ್, ಕಮಿಷನ್, ಕಮಿಷನ್ ಮೇಲಿನ ಜಿಎಸ್‌ಟಿ ಈ ಮೂರೂ ಡೆಬಿಟ್ ಆಗಿ, ಕಾರ್ಡ್ ಬರಬೇಕಾದದ್ದರಿಂದ ಪೂರ್ತಿ 6,000 ಇಳಿಯಬೇಕು.

ನಾನು ಕಂಡಂತೆ ಎರಡು ಸಲದ ದಾಖಲೆ ಹೆಚ್ಚಾಗಿ ಹುಟ್ಟುವುದು ಇಲ್ಲೇ, ತಂತ್ರಾಂಶದ ದೋಷದಿಂದಲ್ಲ. ಅಂಗಡಿಯವರು ದಿನದ ಚೀಟಿಗಳನ್ನು ಒಬ್ಬರಿಗೆ ಕೊಡುತ್ತಾರೆ, ಬ್ಯಾಂಕ್ ಸ್ಟೇಟ್‌ಮೆಂಟನ್ನು ಇನ್ನೊಬ್ಬರಿಗೆ. ಅಥವಾ ಒಬ್ಬರೇ ಎರಡನ್ನೂ ಬೇರೆ ಬೇರೆ ದಿನ ಕೂತು ಬರೆಯುತ್ತಾರೆ. ಸ್ಟೇಟ್‌ಮೆಂಟಿನಲ್ಲಿ 31,500 ಜಮೆಯಾದದ್ದು ಕಾಣುತ್ತದೆ. ಅಂಗಡಿಗೆ ಬಂದ ಹಣವೆಂದರೆ ವ್ಯಾಪಾರದ ಹಣವೇ ತಾನೆ ಎಂದು ‘ಮಾರಾಟ’ ಖಾತೆಗೆ ಕ್ರೆಡಿಟ್ ಮಾಡುತ್ತಾರೆ. ಶನಿವಾರದ ವ್ಯಾಪಾರ ಪುಸ್ತಕದಲ್ಲಿ 62,807ರ ಬದಲು 94,307 ಆಗುತ್ತದೆ. ಡೆಬಿಟ್ ಕ್ರೆಡಿಟ್ ಸಮನಾಗಿಯೇ ಇರುವುದರಿಂದ ತಂತ್ರಾಂಶ ಚಕಾರವೆತ್ತುವುದಿಲ್ಲ. ಬ್ಯಾಂಕ್ ಖಾತೆಯೂ ಸ್ಟೇಟ್‌ಮೆಂಟಿಗೆ ಪೈಸೆ ಬಿಡದೆ ತಾಳೆಯಾಗುತ್ತದೆ. ಬ್ಯಾಂಕ್ ತಾಳೆ ಮಾಡಿದ್ದೇವೆ, ಹಾಗಾಗಿ ಲೆಕ್ಕ ಸರಿಯಿದೆ ಎಂಬ ಸಮಾಧಾನವೂ ಸಿಗುತ್ತದೆ. ಆ 31,500ರೊಳಗೆ ಶೇಕಡ 5ರ ತೆರಿಗೆ ಸೇರಿದೆ ಎಂದು ಭಾವಿಸಿ ಅದನ್ನು ಬಿಡಿಸಿ ಬರೆದರಂತೂ ಆಗದ ವ್ಯಾಪಾರಕ್ಕೆ ದಿನಕ್ಕೆ 1,500 ರೂಪಾಯಿ ತೆರಿಗೆ ಹುಟ್ಟಿಕೊಳ್ಳುತ್ತದೆ. ತಿಂಗಳಿಗೆ ಅದು 45,000 ರೂಪಾಯಿ. ಸಣ್ಣ ಅಂಗಡಿಯ ಒಬ್ಬಿಬ್ಬರು ಹುಡುಗರ ಸಂಬಳ ಅಷ್ಟಾಗುತ್ತದೆ.

ಪತ್ತೆ ಹಚ್ಚುವುದು ಹೇಗೆ? ‘ಯುಪಿಐ ಬರಬೇಕಾದದ್ದು’ ಖಾತೆಯ ಬಾಕಿ ನೋಡಿ. ಹಣ ಮರುದಿನ ಬರುವ ಅಂಗಡಿಯಲ್ಲಿ ಯಾವುದೇ ದಿನದ ರಾತ್ರಿ ಆ ಖಾತೆಯಲ್ಲಿ ಆ ಒಂದು ದಿನದ ಯುಪಿಐ ಮಾರಾಟವಷ್ಟೇ ಉಳಿದಿರಬೇಕು. ಬ್ಯಾಂಕಿಗೆ ಬಂದದ್ದನ್ನೆಲ್ಲ ಮಾರಾಟವೆಂದು ಬರೆದಿದ್ದರೆ ಈ ಖಾತೆಯಿಂದ ಒಂದು ರೂಪಾಯಿಯೂ ಇಳಿದಿರುವುದಿಲ್ಲ. ತಿಂಗಳ ಕೊನೆಗೆ ಅಲ್ಲಿ ಒಂಬತ್ತು ಲಕ್ಷದ ಆಸುಪಾಸು ಬಾಕಿ ನಿಂತಿರುತ್ತದೆ. ಅಷ್ಟು ಹಣ ಯಾರೂ ನಿಮಗೆ ಕೊಡಬೇಕಾಗಿಲ್ಲ. ಬಾಕಿ ತೋರಿಸುತ್ತಿದೆ ಎಂದರೆ ಅಷ್ಟೇ ಮೊತ್ತ ಮಾರಾಟದಲ್ಲಿ ಎರಡನೆಯ ಸಲ ಕೂತಿದೆಯೇ ಎಂದು ಮೊದಲು ಹುಡುಕಬೇಕು. ಈ ಖಾತೆಯನ್ನೇ ತೆರೆಯದೆ ಯುಪಿಐ ಮಾರಾಟವನ್ನು ಆ ರಾತ್ರಿಯೇ ನೇರವಾಗಿ ಬ್ಯಾಂಕಿಗೆ ಡೆಬಿಟ್ ಮಾಡುವವರಿಗೆ ಈ ಸುಳಿವೂ ಸಿಗದು. ಆದ್ದರಿಂದ ಒಂದು ಹೆಚ್ಚಿನ ಖಾತೆ ಯಾಕೆ ಎಂದು ಕೇಳುವ ಅಂಗಡಿಯವರಿಗೆ ನನ್ನ ಉತ್ತರ, ಎರಡು ಸಲದ ದಾಖಲೆಯನ್ನು ತಾನಾಗಿ ಹೊರಗೆ ತೋರಿಸುವ ಜಾಗ ಅದು.

ಅದೇ ಖಾತೆ ಮೈನಸ್‌ಗೆ ಹೋದರೆ ಅದು ಬೇರೆ ಕಥೆ. ಉದ್ರಿ ಬರೆಸಿದ್ದ ಗ್ರಾಹಕ ಶುಕ್ರವಾರ ಬಂದು 1,500 ರೂಪಾಯಿಯನ್ನು ಅದೇ ಕ್ಯೂಆರ್‌ಗೆ ಹಾಕಿ ಹೋದ. ಬ್ಯಾಂಕಿಗೆ ಬಂದ ಗಂಟಿನಲ್ಲಿ ಆ 1,500 ಸೇರಿದೆ, ಆದರೆ ಬಿಲ್ಲುಗಳ ಮೊತ್ತದಲ್ಲಿ ಇಲ್ಲ. ಅವನ ಸಾಮಾನಿನ ಮಾರಾಟ ಶನಿವಾರವೇ ಬರೆದಾಗಿದೆ. ಈಗ ಬಂದದ್ದು ಬಾಕಿ ವಸೂಲಿ, ಹೊಸ ಮಾರಾಟವಲ್ಲ. ಕೌಂಟರಿನಲ್ಲಿ ಇದಕ್ಕೆಂದೇ ಇರುವ ರಸೀದಿ ಆಯ್ಕೆಯನ್ನು ಬಳಸದೆ, ಹುಡುಗರು ‘ಇತರೆ ಸಾಮಾನು’ ಎಂದು ಬಿಲ್ ಹೊಡೆದುಬಿಟ್ಟರೆ ಅಲ್ಲೂ ಅದೇ ಮಾರಾಟ ಎರಡು ಸಲ ಆಗುತ್ತದೆ. ಉದ್ರಿ ಗ್ರಾಹಕನ ಹೆಸರಲ್ಲಿ ತೀರಿದ ಬಾಕಿ ಹಾಗೇ ಉಳಿದು, ಮುಂದೊಂದು ದಿನ ಜಗಳಕ್ಕೂ ಕಾರಣವಾಗುತ್ತದೆ.

ಬ್ಯಾಂಕಿಗೆ ಬಂದ ಹಣಕ್ಕೂ ಮಾರಾಟಕ್ಕೂ ಇರುವ ಈ ಅಂತರ ಬರಿಯ ಪುಸ್ತಕದ ವಿಚಾರವಲ್ಲ ಎಂಬುದನ್ನು ಕರ್ನಾಟಕದ ವ್ಯಾಪಾರಿಗಳು 2025ರ ಜುಲೈನಲ್ಲಿ ಕಂಡರು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಮೂಲಕ ಬಂದ ಹಣದ ಮಾಹಿತಿಯನ್ನು ಆಧಾರ ಮಾಡಿಕೊಂಡು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಬೆಂಗಳೂರಿನ ಎಷ್ಟೋ ಅಂಗಡಿಗಳ ಮುಂದೆ ಕ್ಯೂಆರ್ ಹಾಳೆ ಮಾಯವಾಗಿ ‘ನಗದು ಮಾತ್ರ’ ಎಂಬ ಚೀಟಿ ಬಂತು. ಆ ಖಾತೆಗಳಿಗೆ ಬಂದದ್ದೆಲ್ಲ ವ್ಯಾಪಾರವಲ್ಲ, ಸಾಲ ವಾಪಸಾದದ್ದೂ ಮನೆಯವರು ಕಳಿಸಿದ್ದೂ ಸೇರಿದೆ ಎಂದು ಅನೇಕರು ಹೇಳಿದರು. ಮಾತು ನಿಜವಿದ್ದರೂ ತೋರಿಸಲು ದಾಖಲೆ ಬೇಕು. ದಿನದ ಯುಪಿಐ ಮಾರಾಟ ಒಂದು ಕಡೆ, ಮರುದಿನ ಬಂದ ಗಂಟು ಇನ್ನೊಂದು ಕಡೆ, ನಡುವಿನ ವ್ಯತ್ಯಾಸಕ್ಕೆ ಹೆಸರು ಹಿಡಿದ ಕಾರಣ. ಇಷ್ಟನ್ನು ಈ ಒಂದು ಖಾತೆ ಒದಗಿಸಿಕೊಡುತ್ತದೆ.

ಇನ್ನು ತಂತ್ರಾಂಶದ ಕಡೆಯ ತೊಂದರೆಗೆ ಬರೋಣ. ಬಿಲ್ಲಿಂಗ್ ತಂತ್ರಾಂಶ ತಾನೇ ಎಂಟ್ರಿಯನ್ನು ಲೆಕ್ಕದ ತಂತ್ರಾಂಶಕ್ಕೆ ಕಳಿಸುವ ವ್ಯವಸ್ಥೆ ಇದೆಯೆನ್ನಿ. ಶನಿವಾರ ರಾತ್ರಿ ‘ಕಳಿಸು’ ಒತ್ತಿದರು. ಎಂಟ್ರಿ ಆ ಕಡೆ ಹೋಗಿ ಬರೆಯಲ್ಪಟ್ಟಿತು. ‘ಬರೆದುಕೊಂಡೆ’ ಎಂಬ ಉತ್ತರ ವಾಪಸ್ ಬರುವಷ್ಟರಲ್ಲಿ ಇಂಟರ್‌ನೆಟ್ ಕಡಿಯಿತು, ಇಲ್ಲವೇ ಕರೆಂಟ್ ಹೋಯಿತು. ಪರದೆಯ ಮೇಲೆ ವಿಫಲ ಎಂದು ಕೆಂಪಕ್ಷರ. ಕೌಂಟರಿನ ಹುಡುಗ ಮತ್ತೆ ಒತ್ತುತ್ತಾನೆ. ಅವನದೇನೂ ತಪ್ಪಿಲ್ಲ, ಪರದೆ ಹೇಳಿದ್ದನ್ನು ನಂಬಿದ್ದಾನೆ. 62,807 ಎರಡು ಸಲ ಬಿತ್ತು.

ಇದಕ್ಕೆ ಸಾಮಾನ್ಯವಾಗಿ ಮಾಡುವ ಉಪಾಯವೆಂದರೆ ಕಳಿಸಿದ ದಿನಗಳಿಗೆ ಬಿಲ್ಲಿಂಗ್ ತಂತ್ರಾಂಶದಲ್ಲಿ ‘ಕಳಿಸಲಾಗಿದೆ’ ಎಂಬ ಗುರುತು ಹಾಕುವುದು. ಆ ಗುರುತನ್ನು ಯಾವಾಗ ಹಾಕಬೇಕು? ಕಳಿಸಿದ ಮೇಲೆ ಹಾಕುವುದಾದರೆ, ಮೇಲಿನಂತೆ ಉತ್ತರ ಬಾರದಿದ್ದಾಗ ಗುರುತು ಬೀಳುವುದೇ ಇಲ್ಲ, ಎಂಟ್ರಿ ಎರಡಾಗುತ್ತದೆ. ಕಳಿಸುವ ಮುಂಚೆಯೇ ಹಾಕುವುದಾದರೆ, ಹೋಗುವ ದಾರಿಯಲ್ಲೇ ಸಂಪರ್ಕ ಕಡಿದ ದಿನ ಗುರುತು ಇರುತ್ತದೆ, ಎಂಟ್ರಿ ಇರುವುದಿಲ್ಲ. ಒಂದು ಕ್ರಮದಲ್ಲಿ ಮಾರಾಟ ದ್ವಿಗುಣ, ಇನ್ನೊಂದರಲ್ಲಿ ಮಾಯ. ಕಳಿಸುವ ಕಡೆ ಎಷ್ಟೇ ಜಾಣತನ ಮಾಡಿದರೂ ಈ ಇಕ್ಕಟ್ಟು ತಪ್ಪದು, ಯಾಕೆಂದರೆ ತಾನು ಕಳಿಸಿದ್ದು ಆ ಕಡೆ ತಲುಪಿತೋ ಇಲ್ಲವೋ ಎಂಬುದು ಉತ್ತರ ಬರದ ಹೊರತು ಅದಕ್ಕೆ ಗೊತ್ತಾಗುವುದಿಲ್ಲ.

ಈ ಇಕ್ಕಟ್ಟು ಕಂಪ್ಯೂಟರಿನೊಂದಿಗೆ ಹುಟ್ಟಿದ್ದಲ್ಲ. 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ತನ್ನ ಗಣಿತದ ಗ್ರಂಥದಲ್ಲಿ ಲೂಕಾ ಪಾಚೋಲಿ ಎಂಬ ಕ್ರೈಸ್ತ ಸನ್ಯಾಸಿ ಅಲ್ಲಿನ ವರ್ತಕರು ಲೆಕ್ಕ ಇಡುತ್ತಿದ್ದ ಪದ್ಧತಿಯನ್ನು ವಿವರಿಸಿದ. ದಿನದ ವ್ಯವಹಾರವನ್ನೆಲ್ಲ ಮೊದಲು ಒಂದು ಕಚ್ಚಾ ಪುಸ್ತಕದಲ್ಲಿ ಬರೆಯುವುದು, ಅಲ್ಲಿಂದ ಜರ್ನಲ್‌ಗೆ, ಜರ್ನಲ್‌ನಿಂದ ಲೆಡ್ಜರಿಗೆ. ಒಂದು ಪುಸ್ತಕದಿಂದ ಮುಂದಿನದಕ್ಕೆ ಏರಿಸಿದ ತಕ್ಷಣ ಹಿಂದಿನ ಬರಹದ ಮೇಲೆ ಗೆರೆ ಎಳೆಯಬೇಕೆಂದು ಅವನು ಹೇಳುತ್ತಾನೆ. ಗೆರೆ ಕಂಡರೆ ಅದನ್ನು ಮತ್ತೆ ಏರಿಸುವಂತಿಲ್ಲ. ಇದು ಇಂದಿನ ‘ಕಳಿಸಲಾಗಿದೆ’ ಗುರುತೇ. ಆದರೆ ಅಷ್ಟಕ್ಕೇ ನಿಲ್ಲದೆ, ಜರ್ನಲ್‌ನ ಅಂಚಿನಲ್ಲಿ ಲೆಡ್ಜರಿನ ಪುಟಸಂಖ್ಯೆಗಳನ್ನೂ ಬರೆಯಿಸುತ್ತಾನೆ. ಗುಮಾಸ್ತ ಅರ್ಧಕ್ಕೆ ಎದ್ದುಹೋಗಿ ಗೆರೆಯ ಬಗ್ಗೆ ಅನುಮಾನ ಬಂದರೆ ಆ ಪುಟ ತೆರೆದು ಬರಹ ಅಲ್ಲಿದೆಯೇ ಎಂದು ನೋಡಬಹುದು. ಹೋಗಿ ಸೇರಬೇಕಾದ ಪುಸ್ತಕದಲ್ಲಿ ನೋಡುವುದೇ ಕಡೆಯ ಪ್ರಮಾಣ.

ಇಂದಿನ ಒಳ್ಳೆಯ ವ್ಯವಸ್ಥೆಯೂ ಅದನ್ನೇ ಮಾಡುತ್ತದೆ. ಪ್ರತಿ ದಿನದ ಚೀಟಿಗೆ ಎಂದೂ ಬದಲಾಗದ ಒಂದು ಗುರುತುಸಂಖ್ಯೆ ಇರುತ್ತದೆ. ಎಂಟ್ರಿಯ ಜೊತೆ ಅದೂ ಹೋಗುತ್ತದೆ. ಲೆಕ್ಕದ ತಂತ್ರಾಂಶ ಬರೆದುಕೊಳ್ಳುವ ಮುಂಚೆ ಆ ಸಂಖ್ಯೆ ತನ್ನಲ್ಲಿ ಆಗಲೇ ಇದೆಯೇ ಎಂದು ನೋಡುತ್ತದೆ. ಇದ್ದರೆ ಹೊಸದಾಗಿ ಬರೆಯದೆ ‘ಇದೆ’ ಎಂದಷ್ಟೇ ಉತ್ತರಿಸುತ್ತದೆ. ಆಗ ಹುಡುಗ ಹತ್ತು ಸಲ ಒತ್ತಿದರೂ ಚಿಂತೆಯಿಲ್ಲ. ತಡೆಯುವ ಕೆಲಸ ಬರೆದುಕೊಳ್ಳುವ ಕಡೆ ಇರಬೇಕು. ಈ ವಿಷಯದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಗುರುತುಸಂಖ್ಯೆ ಯಾವುದಾಗಿರಬೇಕು ಎಂಬುದರಲ್ಲಿ ಬಹಳ ಜನ ಎಡವುತ್ತಾರೆ. ಮೊತ್ತವನ್ನೇ ಗುರುತಾಗಿ ಹಿಡಿಯುವಂತಿಲ್ಲ, ಎರಡು ದಿನದ ವ್ಯಾಪಾರ ಒಂದೇ ಆಗಬಾರದೆಂದೇನೂ ಇಲ್ಲ. ಕಳಿಸಿದ ಗಂಟೆ ನಿಮಿಷವಂತೂ ಆಗದು, ಎರಡನೆಯ ಸಲ ಒತ್ತಿದಾಗ ಅದು ಬೇರೆಯಾಗಿ ತಡೆಯೇ ಇಲ್ಲದಾಗುತ್ತದೆ. ತಾರೀಖು ಮೇಲುನೋಟಕ್ಕೆ ಸರಿ ಕಾಣುತ್ತದೆ. ಆದರೆ ಹಬ್ಬದ ಮುನ್ನಾದಿನ ಅಂಗಡಿ ನಡುರಾತ್ರಿ ದಾಟಿ ತೆರೆದಿದ್ದರೆ, ಅಥವಾ ಎರಡನೆಯ ಕೌಂಟರ್ ಶುರುವಾದರೆ ತಾರೀಖು ಸಾಲದು. ಡೇ ಎಂಡ್ ಮಾಡಿದಾಗ ಬರುವ ಚೀಟಿಗೆ, ಅದನ್ನು ಝಡ್ ರಿಪೋರ್ಟ್ ಎಂದೂ ಕರೆಯುತ್ತಾರೆ, ತನ್ನದೇ ಕ್ರಮಸಂಖ್ಯೆ ಇರುತ್ತದೆ. ಅಂಗಡಿಯ ಗುರುತು, ಕೌಂಟರ್, ಆ ಕ್ರಮಸಂಖ್ಯೆ ಈ ಮೂರನ್ನು ಸೇರಿಸಿದರೆ ಸಾಕು:

```
SM1-C1-Z0731
```

ಈ ಚೀಟಿಯ ಸಂಖ್ಯೆ ಹಿಂದೆ ಹೋಗುವುದಿಲ್ಲ, ಮರುದಿನ Z0732. ದಿನದ ನಡುವೆ ಎಷ್ಟು ಸಲ ಬೇಕಾದರೂ ತೆಗೆಯಬಹುದಾದ ಎಕ್ಸ್ ರಿಪೋರ್ಟ್ ಎಂಬುದೊಂದಿದೆ. ಅದನ್ನು ಲೆಕ್ಕಕ್ಕೆ ಬಳಸಕೂಡದು. ಮಧ್ಯಾಹ್ನ ಮೂರು ಗಂಟೆಯ ಎಕ್ಸ್ ಚೀಟಿಯನ್ನೂ ರಾತ್ರಿಯ ಝಡ್ ಚೀಟಿಯನ್ನೂ ಬರೆದುಬಿಟ್ಟರೆ ಮಧ್ಯಾಹ್ನದವರೆಗಿನ ವ್ಯಾಪಾರ ಎರಡು ಸಲ ಆಗುತ್ತದೆ.

ಕೈಯಿಂದ ಟೈಪ್ ಮಾಡುವವರಿಗೂ ಇದೇ ಉಪಾಯ ಒದಗುತ್ತದೆ. ದಿನದ ಮಾರಾಟಕ್ಕೆಂದೇ ಟ್ಯಾಲಿಯಲ್ಲಿ ಒಂದು ಪ್ರತ್ಯೇಕ ವೋಚರ್ ಬಗೆ ಮಾಡಿಕೊಂಡು, ಅದರ ಸಂಖ್ಯೆಯನ್ನು ತಂತ್ರಾಂಶ ಕೊಡುವ ಬದಲು ನಾವೇ ಹಾಕುವಂತೆ ಇಟ್ಟು, ಒಂದೇ ಸಂಖ್ಯೆ ಎರಡು ಸಲ ಬರದಂತೆ ತಡೆಯುವ ಆಯ್ಕೆಯನ್ನು ಒಪ್ಪಿಸಬೇಕು. ವೋಚರ್ ಸಂಖ್ಯೆಯಾಗಿ ಝಡ್ ಸಂಖ್ಯೆಯನ್ನೇ ಬರೆಯಬೇಕು. ತಂತ್ರಾಂಶ ತಾನಾಗಿ 1, 2, 3 ಎಂದು ಸಂಖ್ಯೆ ಕೊಡುತ್ತಿದ್ದರೆ ಒಂದೇ ಚೀಟಿಯನ್ನು ಎರಡು ಸಲ ಹಾಕಿದರೂ ಎರಡಕ್ಕೂ ಬೇರೆ ಬೇರೆ ಸಂಖ್ಯೆ ಸಿಕ್ಕಿ ದಾಟಿಹೋಗುತ್ತದೆ. ಈ ತಡೆಗೂ ಒಂದು ಮಿತಿ ಇದೆ. ಅದು ಒಂದು ವೋಚರ್ ಬಗೆಯೊಳಗೆ ಮಾತ್ರ ನೋಡುತ್ತದೆ. ಒಬ್ಬರು ಸೇಲ್ಸ್ ವೋಚರಿನಲ್ಲಿ, ಇನ್ನೊಬ್ಬರು ಜರ್ನಲ್ ವೋಚರಿನಲ್ಲಿ ಅದೇ ಚೀಟಿಯನ್ನು ಹಾಕಿದರೆ ಅದಕ್ಕೆ ತಿಳಿಯುವುದಿಲ್ಲ. ಹಾಗಾಗಿ ದಿನದ ಮಾರಾಟ ಯಾವ ಬಗೆಯಲ್ಲಿ ಎಂದು ಒಮ್ಮೆ ನಿಶ್ಚಯಿಸಿದ ಮೇಲೆ ಬೇರೆ ಬಗೆಯಲ್ಲಿ ಯಾರೂ ಹಾಕಕೂಡದು.

ಸಂಖ್ಯೆ ಅದೇ, ಮೊತ್ತ ಮಾತ್ರ ಬೇರೆ ಎಂದಾದರೆ? ಶನಿವಾರ ಕೊಂಡ 590 ರೂಪಾಯಿಯ ಸಾಮಾನನ್ನು ಗ್ರಾಹಕಿ ಭಾನುವಾರ ವಾಪಸ್ ತಂದರು. ಕೌಂಟರಿನಲ್ಲಿ ಶನಿವಾರದ ಬಿಲ್ಲನ್ನೇ ತೆಗೆದು ರದ್ದು ಮಾಡಿದರು. ಕೆಲವು ತಂತ್ರಾಂಶಗಳು ಇದಕ್ಕೆ ಬಿಡುತ್ತವೆ, ಬಿಡಬಾರದು. ಈಗ ಶನಿವಾರದ ಮೊತ್ತ 62,217 ಎಂದು ತೋರಿಸುತ್ತದೆ. ಇದನ್ನು ಹೊಸ ಎಂಟ್ರಿಯಾಗಿ ಕಳಿಸಿದರೆ ಮಾರಾಟ ದ್ವಿಗುಣ. ಹಳೆಯದರ ಮೇಲೆ ಸದ್ದಿಲ್ಲದೆ ಬರೆದರೆ ಮುಚ್ಚಿದ ದಿನದ ಲೆಕ್ಕ ಯಾರಿಗೂ ತಿಳಿಯದೆ ಬದಲಾಗುತ್ತದೆ, ಶನಿವಾರ ಎಣಿಸಿದ ನಗದಿಗೂ ಪುಸ್ತಕಕ್ಕೂ ತಾಳೆ ತಪ್ಪುತ್ತದೆ. ಸರಿಯಾದ ದಾರಿ ಎಂದರೆ ಡೇ ಎಂಡ್ ಆದ ದಿನವನ್ನು ಮುಟ್ಟದೆ, ವಾಪಸಾದ ಸಾಮಾನಿಗೆ ಭಾನುವಾರದ ತಾರೀಖಿನಲ್ಲಿ ಕ್ರೆಡಿಟ್ ನೋಟ್ ಮಾಡುವುದು. 500 ರೂಪಾಯಿ ಮಾರಾಟವೂ 90 ರೂಪಾಯಿ ತೆರಿಗೆಯೂ ಭಾನುವಾರದ ಚೀಟಿಯಲ್ಲಿ ಕಳೆದು ಬರುತ್ತವೆ. ಶನಿವಾರದ ಚೀಟಿಯೇ ತಪ್ಪಾಗಿತ್ತು ಎಂದಾದರೆ ಮಾತ್ರ ಹಳೆಯ ಎಂಟ್ರಿಗೆ ಪೂರ್ತಿ ಎದುರು ಎಂಟ್ರಿ ಹಾಕಿ, ತಿದ್ದಿದ್ದನ್ನು ಹೊಸ ಗುರುತಿನೊಂದಿಗೆ ಬರೆಯಬೇಕು. ಮೂರೂ ಪುಸ್ತಕದಲ್ಲಿ ಕಾಣುತ್ತಿರಬೇಕು.

ಇನ್ನೊಂದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಪಕ್ಕದ ಹೋಟೆಲಿನವರು ತಮ್ಮ ಜಿಎಸ್‌ಟಿ ಸಂಖ್ಯೆ ಕೊಟ್ಟು ಬಿಲ್ ಮಾಡಿಸಿಕೊಂಡಿದ್ದರೆ ರಿಟರ್ನ್‌ನಲ್ಲಿ ಆ ಬಿಲ್ಲನ್ನು ಪ್ರತ್ಯೇಕವಾಗಿಯೇ ತೋರಿಸಬೇಕು, ಹಾಗಾಗಿ ಲೆಕ್ಕದಲ್ಲೂ ಬೇರೆಯಾಗಿ ಬರೆದಿರುತ್ತಾರೆ. ಅಂಥ ಬಿಲ್ಲುಗಳು ದಿನದ ಮೊತ್ತದಿಂದ ಹೊರಗಿರಬೇಕು. ಚೀಟಿಯಲ್ಲಿ ಈ ಎರಡನ್ನೂ ಬೇರ್ಪಡಿಸದ ತಂತ್ರಾಂಶವಿದ್ದರೆ ಬೇರ್ಪಡಿಸಿ ಕೊಡುವಂತೆ ಮಾರಿದವರನ್ನು ಕೇಳಿ.

ಇಷ್ಟಾದ ಮೇಲೂ ಎಲ್ಲೋ ಎರಡು ಸಲ ಆಗಿದೆ ಎಂಬ ಅನುಮಾನ ಬಂದರೆ ಮೊದಲು ಬಿಲ್ ಸಂಖ್ಯೆಗಳನ್ನು ನೋಡಿ. ಜಿಎಸ್‌ಟಿ ನಿಯಮದಂತೆ ಬಿಲ್ಲುಗಳಿಗೆ ಆ ಆರ್ಥಿಕ ವರ್ಷದೊಳಗೆ ಮರುಕಳಿಸದ ಕ್ರಮಸಂಖ್ಯೆ ಇರಲೇಬೇಕು. ಶನಿವಾರದ ಎಂಟ್ರಿಯ ವಿವರಣೆಯಲ್ಲಿ ‘ಬಿಲ್ 18211ರಿಂದ 18452’ ಎಂದು ಬರೆದಿದ್ದರೆ ಭಾನುವಾರದ್ದು 18453ರಿಂದ ಶುರುವಾಗಬೇಕು. ಹಿಂದಿನ ಸಂಖ್ಯೆಗಳು ಮತ್ತೆ ಬಂದರೆ ಎರಡು ಸಲ ಬರೆದಿದೆ, ನಡುವೆ ಸಂಖ್ಯೆ ಹಾರಿದರೆ ಏನೋ ಬಿಟ್ಟುಹೋಗಿದೆ. ತಿಂಗಳ ಮೂವತ್ತು ಎಂಟ್ರಿಗಳನ್ನು ಹೀಗೆ ಓದಿ ಮುಗಿಸಲು ಹತ್ತು ನಿಮಿಷ ಸಾಕು. ವಿವರಣೆಯ ಜಾಗದಲ್ಲಿ ‘ದಿನದ ಮಾರಾಟ’ ಎಂದಷ್ಟೇ ಬರೆದು ಬಿಡುವವರು ಈ ಸುಲಭದ ಪರೀಕ್ಷೆಯನ್ನು ಕೈಯಾರೆ ಕಳೆದುಕೊಳ್ಳುತ್ತಾರೆ.

ಖಾತೆಗಳ ಬಾಕಿಯೂ ತಪ್ಪಿನ ಬಗೆಯನ್ನು ಹೇಳುತ್ತದೆ. ಇಡೀ ಚೀಟಿಯೇ ಎರಡು ಸಲ ಬಿದ್ದಿದ್ದರೆ ಪುಸ್ತಕದ ನಗದು ಗಲ್ಲಾಪೆಟ್ಟಿಗೆಗಿಂತ 21,307 ಹೆಚ್ಚಾಗಿರುತ್ತದೆ, ಯುಪಿಐ ಖಾತೆಯಲ್ಲಿ 31,500, ಕಾರ್ಡ್ ಖಾತೆಯಲ್ಲಿ 6,000 ತೀರದೆ ಹಾಗೇ ನಿಂತಿರುತ್ತದೆ. ಬ್ಯಾಂಕಿನ ಜಮೆಯನ್ನು ಮಾರಾಟವೆಂದು ಬರೆದಿದ್ದರೆ ನಗದು ಸರಿಯಾಗಿಯೇ ಇರುತ್ತದೆ, ಯುಪಿಐ ಮತ್ತು ಕಾರ್ಡ್ ಖಾತೆಗಳ ಬಾಕಿ ಮಾತ್ರ ದಿನದಿಂದ ದಿನಕ್ಕೆ ಏರುತ್ತಿರುತ್ತದೆ. ನಗದಿನಲ್ಲೂ ವ್ಯತ್ಯಾಸ ಇದೆಯೇ ಎಂಬ ಒಂದೇ ಪ್ರಶ್ನೆಯಿಂದ ಎಲ್ಲಿ ಹುಡುಕಬೇಕೆಂದು ಅರ್ಧ ಗೊತ್ತಾಗುತ್ತದೆ.

ತಪ್ಪು ಕಂಡಾಗ ರಿಟರ್ನ್ ಸಲ್ಲಿಸಿ ಆಗಿದ್ದರೂ ದಾರಿ ಮುಚ್ಚಿಲ್ಲ. ಮುಂದಿನ ತಿಂಗಳ ರಿಟರ್ನ್‌ನಲ್ಲಿ ಹಳೆಯ ತಿಂಗಳ ಅಂಕಿಯನ್ನು ತಿದ್ದಬಹುದು. ಆದರೆ ಅದಕ್ಕೆ ಗಡುವಿದೆ, ಆ ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30, ಇಲ್ಲವೇ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಯಾವುದು ಮೊದಲೋ ಅದು. ವರ್ಷಗಟ್ಟಲೆ ನೋಡದೆ ಬಿಟ್ಟ ಅಂಗಡಿಗೆ ಕಟ್ಟಿದ ಹೆಚ್ಚಿನ ತೆರಿಗೆ ವಾಪಸ್ ಬರುವುದು ಕಷ್ಟ. ಆದಾಯ ತೆರಿಗೆಯ ಲೆಕ್ಕದಲ್ಲೂ ಅದೇ ಉಬ್ಬಿದ ಮಾರಾಟ ಲಾಭವಾಗಿ ಕೂತಿರುತ್ತದೆ.

ನಿಮ್ಮದೋ ನಿಮ್ಮ ಮನೆಯವರದೋ ಅಂಗಡಿ ಇದ್ದರೆ ಅಕೌಂಟೆಂಟ್ ಮುಂದಿನ ಸಲ ಬಂದಾಗ ಕಳೆದ ತಿಂಗಳ ಕೊನೆಯ ದಿನಕ್ಕೆ ‘ಯುಪಿಐ ಬರಬೇಕಾದದ್ದು’ ಖಾತೆಯ ಬಾಕಿ ಎಷ್ಟಿತ್ತು ಎಂದು ಕೇಳಿ. ಆ ಒಂದು ದಿನದ ಚೀಟಿಯಲ್ಲಿರುವ ಯುಪಿಐ ಮೊತ್ತಕ್ಕೆ ಅದು ಸಮನಾಗದಿದ್ದರೆ, ಅಥವಾ ಅಂಥ ಖಾತೆಯೇ ಇಲ್ಲ ಎಂಬ ಉತ್ತರ ಬಂದರೆ, ಈ ತಿಂಗಳ ರಿಟರ್ನ್ ಸಲ್ಲಿಸುವ ಮುಂಚೆ ಬಿಲ್ ಸಂಖ್ಯೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿಸಿ.